ಕಾಳು, ಜೊಳ್ಳು ಮತ್ತು ಒಂದು ರೇಖೆ

ಒಕ್ಕಣೆಯಾದ ಮೇಲೆ ರಾಗಿಯನ್ನು ಮೊರದಲ್ಲಿ ಕೇರುವುದನ್ನು ನೀವು ನೋಡಿರಬಹುದು. ಮೆಲ್ಲನೆ ಕೇರಿದರೆ ಜೊಳ್ಳು ಹಾರಿಹೋಗದೆ ಕಾಳಿನೊಡನೆ ಮೊರದಲ್ಲಿಯೇ ಉಳಿಯುತ್ತದೆ. ಬಿರುಸಾಗಿ ಕೇರಿದರೆ ಜೊಳ್ಳಿನ ಜೊತೆಗೆ ಒಳ್ಳೆಯ ಕಾಳೂ ನೆಲಕ್ಕೆ ಬೀಳುತ್ತದೆ. ಒಂದು ನಷ್ಟವನ್ನು ತಗ್ಗಿಸಲು ಹೋದರೆ ಇನ್ನೊಂದು ನಷ್ಟ ಹೆಚ್ಚುತ್ತದೆ. ಎಷ್ಟು ಬಿರುಸಾಗಿ ಕೇರಬೇಕೆಂಬುದು ಕೇರುವವರ ಕೈಯಲ್ಲಿದೆ. ಆದರೆ ಅವರ ಕೈಯಲ್ಲಿಲ್ಲದ ಸಂಗತಿಯೂ ಒಂದಿದೆ. ಅದು ಕಾಳಿಗೂ ಜೊಳ್ಳಿಗೂ ಇರುವ ತೂಕದ ಅಂತರ. ಕಾಳು ತುಂಬಿಕೊಂಡು ಗಟ್ಟಿಯಾಗಿದ್ದರೆ ಹೇಗೆ ಕೇರಿದರೂ ನಷ್ಟ ಅಲ್ಪ. ಕಾಳೇ ಅರೆಬಲಿತಿದ್ದರೆ ಎಂತಹ ನುರಿತ ಕೈಯೂ ಅವೆರಡನ್ನು ಚೆನ್ನಾಗಿ ಬೇರ್ಪಡಿಸಲಾರದು.

ಕೇರುವ ಬಿರುಸು ಒಂದು, ತೂಕದ ಅಂತರ ಇನ್ನೊಂದು. ಇವೆರಡನ್ನೂ ಬೆರೆಸದೆ ಬೇರೆ ಬೇರೆಯಾಗಿ ನೋಡಲು ಕಲಿತರೆ ಈ ಪಾಠದ ತಿರುಳು ತಿಳಿದಂತೆಯೇ ಸರಿ. ಏಕೆಂದರೆ ಮನುಷ್ಯರನ್ನಾಗಲಿ ವಸ್ತುಗಳನ್ನಾಗಲಿ ಎರಡು ಗುಂಪುಗಳಾಗಿ ವಿಂಗಡಿಸಬೇಕಾದ ಕಡೆಗಳಲ್ಲೆಲ್ಲ ಇದೇ ತೊಡಕು ಎದುರಾಗುತ್ತದೆ. ಹಾಗೆ ವಿಂಗಡಿಸಲು ಏರ್ಪಡಿಸಿದ ಲೆಕ್ಕದ ಕ್ರಮಕ್ಕೆ ವರ್ಗೀಕರಣ ಮಾದರಿ ಎಂದು ಹೆಸರು. ಆ ಮಾದರಿ ಎಷ್ಟು ಒಳ್ಳೆಯದೆಂದು ಅಳೆಯಲು ಬಳಸುವ ಚಿತ್ರವನ್ನು ಆರ್‌ಒಸಿ ರೇಖೆ ಎನ್ನುತ್ತಾರೆ.

ಈ ಹೆಸರು ಹುಟ್ಟಿದ ಬಗೆ ವಿಚಿತ್ರವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಡಾರ್ ಯಂತ್ರದ ಮುಂದೆ ಕುಳಿತವನು ತೆರೆಯ ಮೇಲೆ ಮೂಡುವ ಪ್ರತಿಯೊಂದು ಮಿಣುಕನ್ನೂ ನೋಡಿ, ಇದು ಶತ್ರುವಿಮಾನವೋ ಅಥವಾ ಬರಿಯ ಗೊಂದಲದ ಗುರುತೋ ಎಂದು ತೀರ್ಮಾನಿಸಬೇಕಾಗಿತ್ತು. ಮಂದವಾದ ಮಿಣುಕಿಗೂ ಎಚ್ಚರಿಕೆಯ ಗಂಟೆ ಬಾರಿಸಿದರೆ ಹುಸಿ ಎಚ್ಚರಿಕೆಗಳು ಹೆಚ್ಚುತ್ತವೆ. ಪ್ರಖರವಾದ ಮಿಣುಕಿಗಾಗಿ ಕಾದರೆ ವಿಮಾನಗಳು ತಪ್ಪಿಸಿಕೊಳ್ಳುತ್ತವೆ. ಸಂಕೇತಗಳನ್ನು ಸ್ವೀಕರಿಸುವ ಯಂತ್ರದ ಈ ಗುಣವನ್ನು ಗಣಿತದ ಭಾಷೆಯಲ್ಲಿ ವಿವರಿಸುವ ಸಿದ್ಧಾಂತವು ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದ ಪೀಟರ್‌ಸನ್, ಬರ್ಡ್‌ಸಾಲ್ ಮತ್ತು ಫಾಕ್ಸ್ ಎಂಬವರ 1954ರ ಪ್ರಬಂಧದಲ್ಲಿ ಕಾಣಿಸಿಕೊಂಡಿತು. ಸ್ವೀಕಾರಯಂತ್ರದ ಕಾರ್ಯಲಕ್ಷಣವನ್ನು ತೋರಿಸುವ ರೇಖೆ ಎಂಬ ಅರ್ಥದ ಇಂಗ್ಲಿಷ್ ಮಾತುಗಳ ಮೊದಲ ಅಕ್ಷರಗಳೇ ಆರ್‌ಒಸಿ. ಮುಂದೆ ವೈದ್ಯರು ಈ ರೇಖೆಯನ್ನು ತಮ್ಮದಾಗಿಸಿಕೊಂಡರು. ರಾಡಾರ್ ಮರೆಯಾದರೂ ಹೆಸರು ಮಾತ್ರ ಉಳಿಯಿತು.

ಈಗ ನಮ್ಮ ನಾಡಿನ ಒಂದು ಮಾದರಿಯನ್ನು ನೋಡೋಣ. ಸಕ್ಕರೆ ಕಾಯಿಲೆ, ಅಂದರೆ ಮಧುಮೇಹ, ಬಹುಕಾಲ ಸದ್ದಿಲ್ಲದೆ ದೇಹದಲ್ಲಿ ಅಡಗಿರಬಲ್ಲದು. ರೋಗವಿದ್ದರೂ ಅದನ್ನು ಅರಿಯದವರು ಊರೂರಿನಲ್ಲಿದ್ದಾರೆ. ಎಲ್ಲರ ರಕ್ತವನ್ನೂ ಪರೀಕ್ಷಿಸಲು ಹಣವೂ ಬೇಕು, ಜನರೂ ಬೇಕು. ಆದುದರಿಂದ ಯಾರನ್ನು ಮೊದಲು ಪರೀಕ್ಷಿಸಬೇಕು ಎಂಬುದನ್ನು ಕೆಲವು ಸುಲಭವಾದ ಪ್ರಶ್ನೆಗಳಿಂದ ತಿಳಿಯಲು ಸಾಧ್ಯವೇ ಎಂದು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನ ಡಾಕ್ಟರ್ ವಿ. ಮೋಹನ್ ಮತ್ತು ಅವರ ಸಂಗಡಿಗರು ಶೋಧಿಸಿದರು. ಅದರ ಫಲವಾಗಿ 2005ರಲ್ಲಿ ಭಾರತೀಯ ಮಧುಮೇಹ ಅಪಾಯಾಂಕ ಎಂಬ ಲೆಕ್ಕ ಪ್ರಕಟವಾಯಿತು.

ಈ ಲೆಕ್ಕದಲ್ಲಿ ಇರುವುದು ನಾಲ್ಕೇ ಸಂಗತಿಗಳು. ವಯಸ್ಸು 35ಕ್ಕಿಂತ ಕಡಿಮೆಯಾಗಿದ್ದರೆ ಸೊನ್ನೆ, 35ರಿಂದ 49ರವರೆಗೆ 20, 50 ಮತ್ತು ಅದಕ್ಕೆ ಮೇಲ್ಪಟ್ಟರೆ 30 ಅಂಕ. ಸೊಂಟದ ಸುತ್ತಳತೆ ಹೆಚ್ಚಿದಂತೆ ಸೊನ್ನೆಯಿಂದ 20ರವರೆಗೆ ಅಂಕ. ಮೈಮುರಿದು ದುಡಿಯುವವರಿಗೆ ಸೊನ್ನೆ. ದೇಹಶ್ರಮ ಕಡಿಮೆಯಾದಂತೆ ಅಂಕ ಏರುತ್ತ ಹೋಗಿ, ಶ್ರಮವೂ ವ್ಯಾಯಾಮವೂ ಇಲ್ಲದವರಿಗೆ 30. ತಂದೆತಾಯಿಗಳಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆಯಿದ್ದರೆ 10, ಇಬ್ಬರಿಗೂ ಇದ್ದರೆ 20. ಎಲ್ಲವೂ ಸೇರಿ ಹೆಚ್ಚೆಂದರೆ 100. ಹೊಲದಲ್ಲಿ ದುಡಿಯುವ 52 ವರ್ಷದ ಹೆಣ್ಣುಮಗಳೊಬ್ಬಳ ಸೊಂಟದ ಸುತ್ತಳತೆ 84 ಸೆಂಟಿಮೀಟರ್ ಇದೆ ಮತ್ತು ಆಕೆಯ ತಾಯಿಗೆ ಸಕ್ಕರೆ ಕಾಯಿಲೆ ಇತ್ತು ಎನ್ನೋಣ. ವಯಸ್ಸಿಗೆ 30, ಸುತ್ತಳತೆಗೆ 10, ಶ್ರಮಕ್ಕೆ ಸೊನ್ನೆ, ತಾಯಿಯ ಕಡೆಯಿಂದ 10, ಒಟ್ಟು 50. ಸೂಜಿ ಬೇಡ, ಯಂತ್ರ ಬೇಡ. ಒಂದು ಅಳತೆಪಟ್ಟಿ ಮತ್ತು ನಾಲ್ಕು ಮಾತು ಸಾಕು.

ಅಂಕವೇನೋ ಸಿಕ್ಕಿತು. ಆದರೆ ಅಂಕವು ತಾನಾಗಿ ಯಾರನ್ನೂ ರೋಗಿಯೆಂದೋ ಅಲ್ಲವೆಂದೋ ಹೇಳುವುದಿಲ್ಲ. ಇಂತಿಷ್ಟು ಅಂಕ ಮುಟ್ಟಿದವರನ್ನು ರಕ್ತಪರೀಕ್ಷೆಗೆ ಕರೆಯೋಣ ಎಂದು ನಾವೇ ಒಂದು ಗೆರೆ ಎಳೆಯಬೇಕು. ಅದನ್ನು ಗಡಿ ಅಂಕ ಎಂದು ಕರೆಯೋಣ. ಮೊರದ ಹೋಲಿಕೆಯಲ್ಲಿ ಇದು ಕೇರುವ ಬಿರುಸು.

ಈ ಲೆಕ್ಕವನ್ನು ಚಾಮರಾಜನಗರದ ಬಳಿಯ ಬದನಗುಪ್ಪೆಯಲ್ಲಿ ಪ್ರಯೋಗಿಸಿದಂತೆ ಒಂದು ಚಿತ್ರವನ್ನು ಮನಸ್ಸಿನಲ್ಲಿ ತಂದುಕೊಳ್ಳೋಣ. ಆಶಾ ಕಾರ್ಯಕರ್ತೆಯೊಬ್ಬರು ಹದಿನೈದು ಮಂದಿಯ ಅಂಕಗಳನ್ನು ಬರೆದುಕೊಂಡರು. ಅಂಕ ಎಷ್ಟೇ ಇರಲಿ, ಆ ಹದಿನೈದು ಮಂದಿಗೂ ಬರಿಹೊಟ್ಟೆಯಲ್ಲಿ ರಕ್ತಪರೀಕ್ಷೆ ನಡೆಯಿತು. ಒಂದು ಡೆಸಿಲೀಟರ್ ರಕ್ತದಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಕಂಡವರನ್ನು ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಂಡರು. ಹೀಗೆ ಐವರಿಗೆ ರೋಗವಿದೆ, ಹತ್ತು ಮಂದಿಗೆ ಇಲ್ಲ ಎಂದು ತಿಳಿಯಿತು. ಈ ಹದಿನೈದು ಮಂದಿಯೂ ಅವರ ಅಂಕಗಳೂ ಲೆಕ್ಕ ಕಲಿಯಲು ನಾವು ಕಲ್ಪಿಸಿಕೊಂಡವು.

ರೋಗವಿದ್ದ ಐವರ ಅಂಕಗಳು: 90, 80, 70, 60, 40.

ರೋಗವಿಲ್ಲದ ಹತ್ತು ಮಂದಿಯ ಅಂಕಗಳು: 80, 60, 50, 50, 40, 30, 30, 20, 20, 10.

ಎರಡು ಸಾಲುಗಳನ್ನೂ ಗಮನವಿಟ್ಟು ನೋಡಿರಿ. ರೋಗವಿದ್ದವರ ಅಂಕಗಳು ಸಾಮಾನ್ಯವಾಗಿ ಮೇಲಿವೆ. ಆದರೂ ಎರಡು ಗುಂಪುಗಳು ಒಂದರೊಳಗೊಂದು ಹೊಕ್ಕಿವೆ. 80 ಅಂಕ ಪಡೆದ ಆರೋಗ್ಯವಂತರೊಬ್ಬರಿದ್ದಾರೆ. ಕೇವಲ 40 ಅಂಕ ಪಡೆದ ರೋಗಿಯೊಬ್ಬರೂ ಇದ್ದಾರೆ. ಎಲ್ಲಿ ಗೆರೆ ಎಳೆದರೂ ಯಾರಾದರೊಬ್ಬರ ವಿಷಯದಲ್ಲಿ ತಪ್ಪಾಗುವುದು ಖಂಡಿತ.

ತಪ್ಪುಗಳು ಕಡಿಮೆಯಾಗುವಂತೆ ಮಾಡಿದರೆ ಸಾಲದೇ, ನೂರಕ್ಕೆ ಎಷ್ಟು ಉತ್ತರ ಸರಿಯಾಯಿತೆಂದು ನೋಡಿದರೆ ಆಗದೇ ಎಂದು ನೀವು ಕೇಳಬಹುದು. ಒಂದು ಪ್ರಯೋಗ ಮಾಡಿ ನೋಡಿ. ಅಂಕಗಳನ್ನೇ ನೋಡದೆ, ಯಾರಿಗೂ ರೋಗವಿಲ್ಲ ಎಂದುಬಿಡಿ. ಹದಿನೈದರಲ್ಲಿ ಹತ್ತು ಉತ್ತರ ಸರಿಯಾಯಿತು! ಸಾವಿರ ಮಂದಿಯಲ್ಲಿ ಹತ್ತೇ ರೋಗಿಗಳಿರುವ ಊರಿನಲ್ಲಿ ಹಾಗೆಯೇ ಹೇಳಿದರೆ ನೂರಕ್ಕೆ 99 ಉತ್ತರ ಸರಿಯಾಗುತ್ತದೆ. ಆದರೆ ಆ ಹತ್ತು ರೋಗಿಗಳಲ್ಲಿ ಒಬ್ಬರಿಗೂ ಅದರಿಂದ ಪ್ರಯೋಜನವಿಲ್ಲ. ರೋಗವಿದ್ದವರನ್ನೂ ಇಲ್ಲದವರನ್ನೂ ಒಟ್ಟಿಗೆ ಎಣಿಸಿದಾಗ ದೊಡ್ಡ ಗುಂಪಿನ ಲೆಕ್ಕದಲ್ಲಿ ಚಿಕ್ಕ ಗುಂಪಿನ ಪಾಡು ಮುಚ್ಚಿಹೋಗುತ್ತದೆ. ಆದುದರಿಂದ ಎರಡು ಗುಂಪುಗಳ ಲೆಕ್ಕವನ್ನೂ ಬೇರೆ ಬೇರೆಯಾಗಿಯೇ ಇಡಬೇಕು.

ರೋಗವಿದ್ದವರಲ್ಲಿ ಎಷ್ಟು ಪಾಲು ಜನರನ್ನು ಮಾದರಿಯು ಸರಿಯಾಗಿ ಹಿಡಿಯಿತು ಎಂಬುದು ಮೊದಲನೆಯ ಲೆಕ್ಕ. ಇದನ್ನು ಪತ್ತೆಯ ಪ್ರಮಾಣ ಎನ್ನೋಣ. ರೋಗವಿಲ್ಲದವರಲ್ಲಿ ಎಷ್ಟು ಪಾಲು ಜನರನ್ನು ಅದು ಸುಮ್ಮನೆ ಕರೆಸಿತು ಎಂಬುದು ಎರಡನೆಯ ಲೆಕ್ಕ; ಇದು ಹುಸಿ ಎಚ್ಚರಿಕೆಯ ಪ್ರಮಾಣ. ಗಡಿ ಅಂಕ 60 ಎಂದಿಟ್ಟುಕೊಂಡರೆ ಐವರು ರೋಗಿಗಳಲ್ಲಿ ನಾಲ್ವರು ಸಿಕ್ಕುತ್ತಾರೆ. ಪತ್ತೆಯ ಪ್ರಮಾಣ 0.8. ಹತ್ತು ಮಂದಿ ಆರೋಗ್ಯವಂತರಲ್ಲಿ 80 ಮತ್ತು 60 ಅಂಕದ ಇಬ್ಬರು ಸುಮ್ಮನೆ ಬರಬೇಕಾಗುತ್ತದೆ; ಹುಸಿ ಎಚ್ಚರಿಕೆಯ ಪ್ರಮಾಣ 0.2.

ಗಡಿಯನ್ನು ಮೇಲಿನಿಂದ ಒಂದೊಂದು ಮೆಟ್ಟಿಲು ಕೆಳಗಿಳಿಸುತ್ತ ಹೋದರೆ ಏನಾಗುತ್ತದೆ ಎಂಬುದನ್ನು ಈ ಪಟ್ಟಿ ತೋರಿಸುತ್ತದೆ.

| ಗಡಿ ಅಂಕ | 5 ರೋಗಿಗಳಲ್ಲಿ ಸಿಕ್ಕವರು | ಪತ್ತೆಯ ಪ್ರಮಾಣ | 10 ಆರೋಗ್ಯವಂತರಲ್ಲಿ ಕರೆಸಲ್ಪಟ್ಟವರು | ಹುಸಿ ಎಚ್ಚರಿಕೆಯ ಪ್ರಮಾಣ |
|---|---|---|---|---|
| 90 | 1 | 0.2 | 0 | 0.0 |
| 80 | 2 | 0.4 | 1 | 0.1 |
| 70 | 3 | 0.6 | 1 | 0.1 |
| 60 | 4 | 0.8 | 2 | 0.2 |
| 50 | 4 | 0.8 | 4 | 0.4 |
| 40 | 5 | 1.0 | 5 | 0.5 |
| 30 | 5 | 1.0 | 7 | 0.7 |
| 20 | 5 | 1.0 | 9 | 0.9 |
| 10 | 5 | 1.0 | 10 | 1.0 |

ಈಗ ನಿಮ್ಮ ಗ್ರಾಫ್ ಹಾಳೆಯನ್ನು ತೆಗೆದುಕೊಳ್ಳಿ. ಹತ್ತು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರದ ಒಂದು ಚೌಕವನ್ನು ಬರೆಯಿರಿ. ಅಡ್ಡಲಾಗಿ ಹುಸಿ ಎಚ್ಚರಿಕೆಯ ಪ್ರಮಾಣವನ್ನೂ ಮೇಲ್ಮುಖವಾಗಿ ಪತ್ತೆಯ ಪ್ರಮಾಣವನ್ನೂ ಸೊನ್ನೆಯಿಂದ ಒಂದರವರೆಗೆ ಗುರುತಿಸಿರಿ. ಗಡಿಯನ್ನು 90ಕ್ಕಿಂತಲೂ ಮೇಲಿಟ್ಟರೆ ಯಾರನ್ನೂ ಕರೆಯುವುದಿಲ್ಲವಾದ್ದರಿಂದ ರೇಖೆಯು ಎಡಗಡೆಯ ಕೆಳಮೂಲೆಯಿಂದ ಹೊರಡುತ್ತದೆ. ಅಲ್ಲಿಂದ ಪಟ್ಟಿಯ ಒಂದೊಂದು ಸಾಲಿಗೆ ಒಂದೊಂದು ಚುಕ್ಕಿ ಇಟ್ಟು, ಚುಕ್ಕಿಗಳನ್ನು ಸಾಲಾಗಿ ಕೂಡಿಸಿರಿ. ಎಲ್ಲರನ್ನೂ ಕರೆಯುವ ಗಡಿ ಬಂದಾಗ ಅದು ಬಲಗಡೆಯ ಮೇಲುಮೂಲೆಯನ್ನು ಮುಟ್ಟುತ್ತದೆ. ಇದೇ ಆರ್‌ಒಸಿ ರೇಖೆ.

ಈ ರೇಖೆಯನ್ನು ಓದುವ ಬಗೆ ಹೀಗೆ. ಮೇಲಕ್ಕೆ ಏರಿದ ಪ್ರತಿಯೊಂದು ಹೆಜ್ಜೆಯೂ ಲಾಭ. ಇನ್ನೊಬ್ಬ ರೋಗಿ ಸಿಕ್ಕಿದನೆಂದು ಅರ್ಥ. ಬಲಕ್ಕೆ ಸರಿದ ಪ್ರತಿಯೊಂದು ಹೆಜ್ಜೆಯೂ ಅದಕ್ಕೆ ತೆತ್ತ ಬೆಲೆ. ಇನ್ನೊಬ್ಬ ಆರೋಗ್ಯವಂತನನ್ನು ಸುಮ್ಮನೆ ಕರೆಸಿದೆವೆಂದು ಅರ್ಥ. ಒಳ್ಳೆಯ ಮಾದರಿಯ ರೇಖೆ ಮೊದಲು ಕಡಿದಾಗಿ ಮೇಲೇರಿ, ಎಡಗಡೆಯ ಮೇಲುಮೂಲೆಯನ್ನು ಸಮೀಪಿಸಿ, ಆಮೇಲೆ ಬಲಕ್ಕೆ ಹೊರಳುತ್ತದೆ. ಅಂಕಗಳನ್ನು ಲೆಕ್ಕಿಸದೆ ಚೀಟಿ ಎತ್ತಿ ಜನರನ್ನು ಕರೆದರೆ ಏನಾಗುತ್ತದೆ? ಅರ್ಧದಷ್ಟು ಜನರಿಗೆ ಚೀಟಿ ಬಂದರೆ ರೋಗಿಗಳಲ್ಲಿಯೂ ಅರ್ಧ, ಆರೋಗ್ಯವಂತರಲ್ಲಿಯೂ ಅರ್ಧ ಬರುತ್ತಾರೆ. ಏರಿದಷ್ಟೇ ಸರಿಯಬೇಕಾದುದರಿಂದ ಅದರ ರೇಖೆ ಮೂಲೆಯಿಂದ ಮೂಲೆಗೆ ಎಳೆದ ಕರ್ಣವಾಗುತ್ತದೆ. ಕರ್ಣಕ್ಕಿಂತ ಎಷ್ಟು ಮೇಲಕ್ಕೆ ಉಬ್ಬಿದೆ ಎಂಬುದೇ ಮಾದರಿಯ ಬಲ.

ಆ ಉಬ್ಬನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದಕ್ಕೆ ರೇಖೆಯ ಕೆಳಗಿನ ವಿಸ್ತೀರ್ಣವನ್ನು ಅಳೆಯುತ್ತಾರೆ. ನಮ್ಮ ಚೌಕದಲ್ಲಿ ಒಂದು ಸೆಂಟಿಮೀಟರಿನ ನೂರು ಮನೆಗಳಿವೆ. ರೇಖೆಯ ಕೆಳಗೆ ಎಷ್ಟು ಮನೆಗಳಿವೆ ಎಂದು ಎಡದಿಂದ ಎಣಿಸೋಣ. ಮೊದಲನೆಯ ಕಂಬಸಾಲಿನಲ್ಲಿ ರೇಖೆ 2ರಿಂದ 4ಕ್ಕೆ ಓರೆಯಾಗಿ ಏರುವುದರಿಂದ ಸರಾಸರಿ 3 ಮನೆ. ಎರಡನೆಯದರಲ್ಲಿ 6ರಿಂದ 8ಕ್ಕೆ ಏರುವುದರಿಂದ 7. ಮುಂದಿನ ಎರಡು ಸಾಲುಗಳಲ್ಲಿ ಎಂಟೆಂಟರಂತೆ 16. ಐದನೆಯದರಲ್ಲಿ 8ರಿಂದ 10ಕ್ಕೆ ಏರುವುದರಿಂದ 9. ಉಳಿದ ಐದು ಸಾಲುಗಳು ಪೂರ್ತಿಯಾಗಿ ತುಂಬಿರುವುದರಿಂದ 50. ಎಲ್ಲವನ್ನೂ ಕೂಡಿದರೆ 85. ನೂರರಲ್ಲಿ 85 ಮನೆ. ಅಂದರೆ ವಿಸ್ತೀರ್ಣ 0.85. ತಪ್ಪೇ ಇಲ್ಲದ ಮಾದರಿಗೆ ಇದು 1, ಚೀಟಿ ಎತ್ತುವವನಿಗೆ 0.5. ಅರ್ಧಕ್ಕಿಂತ ಬಹಳ ಕಡಿಮೆ ಬಂದರೆ ಮಾದರಿಯ ಅಂಕಗಳು ತಲೆಕೆಳಗಾಗಿವೆ ಎಂದು ಸಂಶಯಿಸಬೇಕು.

ಈ 0.85 ಎಂಬ ಸಂಖ್ಯೆಗೆ ಮನೆ ಎಣಿಸಿದ ಫಲವೆಂಬುದಕ್ಕಿಂತ ಹೆಚ್ಚಿನ ಅರ್ಥವಿದೆಯೇ? ಇದೆ. ಐವರು ರೋಗಿಗಳಲ್ಲಿ ಒಬ್ಬರನ್ನೂ ಹತ್ತು ಆರೋಗ್ಯವಂತರಲ್ಲಿ ಒಬ್ಬರನ್ನೂ ಆರಿಸಿ ಜೋಡಿ ಮಾಡಿರಿ. ಇಂತಹ ಜೋಡಿಗಳು ಒಟ್ಟು ಐವತ್ತು. ಪ್ರತಿಯೊಂದು ಜೋಡಿಯಲ್ಲೂ ರೋಗಿಯ ಅಂಕ ಹೆಚ್ಚಾಗಿದ್ದರೆ ಮಾದರಿಗೆ ಒಂದು ಗೆಲವು, ಸಮವಾಗಿದ್ದರೆ ಅರ್ಧ ಗೆಲವು, ಕಡಿಮೆಯಾಗಿದ್ದರೆ ಸೊನ್ನೆ. 90 ಅಂಕದ ರೋಗಿ ಹತ್ತು ಮಂದಿಯನ್ನೂ ಮೀರುವುದರಿಂದ 10. 80 ಅಂಕದವರು ಒಂಬತ್ತು ಮಂದಿಯನ್ನು ಮೀರಿ ಒಬ್ಬರೊಡನೆ ಸಮನಾಗುವುದರಿಂದ ಒಂಬತ್ತೂವರೆ. 70 ಅಂಕದವರಿಗೆ 9. 60 ಅಂಕದವರಿಗೆ ಎಂಟೂವರೆ. 40 ಅಂಕದವರಿಗೆ ಐದೂವರೆ. ಒಟ್ಟು ಗೆಲವು ನಲವತ್ತೆರಡೂವರೆ. ಅದನ್ನು ಐವತ್ತರಿಂದ ಭಾಗಿಸಿದರೆ ಬರುವುದು ಅದೇ 0.85!

ಇದು ಕಾಕತಾಳೀಯವಲ್ಲ. ಪ್ರತಿಯೊಂದು ಜೋಡಿಯೂ ನಮ್ಮ ಚೌಕದಲ್ಲಿ ಒಂದೊಂದು ತುಂಡು ಜಾಗಕ್ಕೆ ಸಮ. ಮಾದರಿ ಗೆದ್ದ ಜೋಡಿಗಳ ಜಾಗ ರೇಖೆಯ ಕೆಳಗೆ ಬೀಳುತ್ತದೆ, ಸೋತ ಜೋಡಿಗಳದು ಮೇಲೆ ಉಳಿಯುತ್ತದೆ, ಸಮನಾದವುಗಳ ಜಾಗವನ್ನು ಓರೆ ಗೆರೆ ಇಬ್ಭಾಗ ಮಾಡುತ್ತದೆ. ವಿಸ್ತೀರ್ಣದ ಈ ಅರ್ಥವನ್ನು ಹ್ಯಾನ್ಲಿ ಮತ್ತು ಮೆಕ್‌ನೀಲ್ ಎಂಬವರು 1982ರಲ್ಲಿ ಒಂದು ಪ್ರಬಂಧದಲ್ಲಿ ವೈದ್ಯಲೋಕಕ್ಕೆ ತಿಳಿಯಾಗಿ ವಿವರಿಸಿದರು. ಒಬ್ಬ ರೋಗಿಯನ್ನೂ ಒಬ್ಬ ಆರೋಗ್ಯವಂತನನ್ನೂ ಕಣ್ಣುಮುಚ್ಚಿ ಆರಿಸಿದಾಗ ರೋಗಿಗೇ ಹೆಚ್ಚು ಅಂಕ ಬಂದಿರುವ ಸಂಭವ ಎಷ್ಟು ಎಂಬುದೇ ಆ ವಿಸ್ತೀರ್ಣ. ಇಲ್ಲಿ ಗಡಿ ಅಂಕದ ಮಾತೇ ಇಲ್ಲವೆಂಬುದನ್ನು ಗಮನಿಸಿರಿ. ವಿಸ್ತೀರ್ಣವು ಕಾಳಿಗೂ ಜೊಳ್ಳಿಗೂ ಇರುವ ತೂಕದ ಅಂತರವನ್ನು ಹೇಳುತ್ತದೆ. ಹೇಗೆ ಕೇರಬೇಕೆಂಬುದನ್ನು ಹೇಳುವುದಿಲ್ಲ.

ಹಾಗಾದರೆ ಚೆನ್ನೈನ ಆ ಲೆಕ್ಕಕ್ಕೆ ಎಷ್ಟು ವಿಸ್ತೀರ್ಣ ಬಂದಿತ್ತು? 0.698. ನಮ್ಮ ಕಲ್ಪನೆಯ 0.85ಕ್ಕಿಂತ ಇದು ಕಡಿಮೆ. ನೂರು ಜೋಡಿಗಳಲ್ಲಿ ಸುಮಾರು ಎಪ್ಪತ್ತರಲ್ಲಿ ಮಾತ್ರ ರೋಗಿಯ ಅಂಕ ಮೇಲಿರುತ್ತದೆ ಎಂದರ್ಥ. ಒಂದು ಹನಿ ರಕ್ತವನ್ನೂ ತೆಗೆಯದೆ, ನಾಲ್ಕೇ ಸಂಗತಿಗಳಿಂದ ಪಡೆದ ಅಂಕಕ್ಕೆ ಇಷ್ಟು ಬಲವಿರುವುದು ಸಣ್ಣದಲ್ಲ. ಆದರೆ ಅದನ್ನು ಕೊನೆಯ ತೀರ್ಪೆಂದು ತಿಳಿಯುವಂತೆಯೂ ಇಲ್ಲ. ಅದನ್ನು ರೂಪಿಸಿದವರು ಗಡಿ ಅಂಕವನ್ನು 60 ಎಂದು ಆರಿಸಿದರು. ಆ ಗಡಿಯಲ್ಲಿ ನೂರು ರೋಗಿಗಳಲ್ಲಿ 72 ಅಥವಾ 73 ಮಂದಿ ಸಿಕ್ಕುತ್ತಿದ್ದರು. ನೂರು ಆರೋಗ್ಯವಂತರಲ್ಲಿ ಸುಮಾರು 40 ಮಂದಿಗೆ ಹುಸಿ ಎಚ್ಚರಿಕೆ ಹೋಗುತ್ತಿತ್ತು.

ಗಡಿಯನ್ನು ಎಲ್ಲಿಡಬೇಕು ಎಂಬುದು ಎರಡು ತಪ್ಪುಗಳ ಬೆಲೆಯನ್ನು ತೂಗಿ ನೋಡಿ ನಿರ್ಧರಿಸಬೇಕಾದ ಮಾತು. ಸಕ್ಕರೆ ಕಾಯಿಲೆಯವರು ಕಣ್ತಪ್ಪಿ ಉಳಿದರೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳು ವರ್ಷಗಟ್ಟಲೆ ಒಳಗೊಳಗೇ ಕೆಡುತ್ತವೆ. ಆರೋಗ್ಯವಂತರನ್ನು ಸುಮ್ಮನೆ ಕರೆಸಿದರೆ ಅವರಿಗೆ ಒಂದು ಸೂಜಿಯ ನೋವು, ಒಂದು ಹೊತ್ತಿನ ಉಪವಾಸ, ಕೆಲವು ದಿನದ ಕಳವಳ. ಕೂಲಿಯವರಿಗಾದರೆ ಒಂದು ದಿನದ ಕೂಲಿಯೂ ಹೋಯಿತು. ಮೊದಲನೆಯ ತಪ್ಪು ಹೆಚ್ಚು ಘೋರವೆಂದು ತೋರಿದರೆ ಗಡಿಯನ್ನು ಇಳಿಸಬೇಕು. ನಮ್ಮ ಪಟ್ಟಿಯಲ್ಲಿ 60ರಿಂದ 40ಕ್ಕೆ ಇಳಿದರೆ ಉಳಿದ ಒಬ್ಬ ರೋಗಿಯೂ ಸಿಕ್ಕುತ್ತಾನೆ. ಅದಕ್ಕಾಗಿ ಇನ್ನೂ ಮೂವರು ಆರೋಗ್ಯವಂತರು ಬರಬೇಕಾಗುತ್ತದೆ. ಆದರೆ ಗಡಿಯನ್ನು 40ರಿಂದ 30ಕ್ಕೆ ಇಳಿಸುವುದರಲ್ಲಿ ಅರ್ಥವಿಲ್ಲ. ಬೆಲೆ ತೆರುತ್ತೇವೆ, ಲಾಭ ಏನೂ ಇಲ್ಲ. ರೇಖೆ ಮೇಲೇರುವುದನ್ನು ಬಿಟ್ಟು ಬರಿದೇ ಬಲಕ್ಕೆ ಹರಿಯತೊಡಗಿದ ಜಾಗವೇ ಇದನ್ನು ಸಾರುತ್ತದೆ.

ರೇಖೆಯೂ ಅದರ ವಿಸ್ತೀರ್ಣವೂ ನಮ್ಮನ್ನು ದಾರಿತಪ್ಪಿಸುವ ಸಂದರ್ಭಗಳಿವೆ. ಅವುಗಳಲ್ಲಿ ಮೂರನ್ನು ತಿಳಿದಿರುವುದು ಅಗತ್ಯ.

ಮೊದಲನೆಯದು, ಊರಿನಲ್ಲಿ ರೋಗಿಗಳು ಎಷ್ಟು ಮಂದಿ ಎಂಬುದನ್ನು ರೇಖೆ ಹೇಳುವುದಿಲ್ಲ. ಎರಡು ಗುಂಪುಗಳನ್ನು ಬೇರೆ ಬೇರೆಯಾಗಿ ಎಣಿಸಿದ್ದರಿಂದ ಬಂದ ಗುಣವೂ ಇದೇ, ಕೊರತೆಯೂ ಇದೇ. ಸಾವಿರ ಮಂದಿಯಲ್ಲಿ ನೂರು ರೋಗಿಗಳಿದ್ದಾರೆಂದು ಇಟ್ಟುಕೊಂಡು ಚೆನ್ನೈನ ಪ್ರಮಾಣಗಳನ್ನು ಅನ್ವಯಿಸಿರಿ. ರೋಗಿಗಳಲ್ಲಿ ಸುಮಾರು 73 ಮಂದಿ, ಉಳಿದ ಒಂಬೈನೂರರಲ್ಲಿ ಸುಮಾರು 360 ಮಂದಿ, ಒಟ್ಟು 433 ಮಂದಿ ಪರೀಕ್ಷೆಗೆ ಬರುತ್ತಾರೆ. ಕರೆ ಬಂದ ನೂರು ಮಂದಿಯಲ್ಲಿ ನಿಜವಾದ ರೋಗಿಗಳು 17ರಷ್ಟೇ. ಆದರೂ ಸಾವಿರ ಪರೀಕ್ಷೆಗಳ ಬದಲು 433 ಪರೀಕ್ಷೆಗಳಿಂದಲೇ ಮುಕ್ಕಾಲುಪಾಲಿನ ಸಮೀಪದಷ್ಟು ರೋಗಿಗಳು ಸಿಕ್ಕರಲ್ಲ ಎಂಬ ಸಮಾಧಾನವಿದೆ. ಅದೇ ಸಾವಿರದಲ್ಲಿ ಹತ್ತೇ ರೋಗಿಗಳಿದ್ದರೆ ಏಳು ಮಂದಿ ರೋಗಿಗಳಿಗಾಗಿ ಸುಮಾರು 395 ಆರೋಗ್ಯವಂತರನ್ನು ಕರೆಸಿದಂತಾಗುತ್ತದೆ. ಎರಡು ಊರುಗಳಲ್ಲಿಯೂ ರೇಖೆ ಒಂದೇ, ವಿಸ್ತೀರ್ಣ ಒಂದೇ; ಆದರೆ ಕರೆ ಬಂದವನು ಎಷ್ಟು ಹೆದರಬೇಕು ಎಂಬುದು ಒಂದೇ ಅಲ್ಲ.

ಎರಡನೆಯದು, ರೇಖೆ ಎಳೆಯುವಾಗ ಎಲ್ಲರ ಸತ್ಯವೂ ತಿಳಿದಿರಬೇಕು. ಹದಿನೈದು ಮಂದಿಗೂ ರಕ್ತಪರೀಕ್ಷೆ ನಡೆಯಿತೆಂದು ಒತ್ತಿ ಹೇಳಿದ್ದು ಇದಕ್ಕಾಗಿಯೇ. ಖರ್ಚು ಉಳಿಸಲು 60 ಮತ್ತು ಅದಕ್ಕೆ ಮೇಲ್ಪಟ್ಟ ಆರು ಮಂದಿಯನ್ನು ಮಾತ್ರ ಪರೀಕ್ಷಿಸಿದ್ದರೆ ನಾಲ್ವರು ರೋಗಿಗಳು ಕಾಣಿಸುತ್ತಿದ್ದರು. ಆ ನಾಲ್ವರೂ 60ರ ಗಡಿಯ ಮೇಲೆಯೇ ಇದ್ದುದರಿಂದ, ರೋಗಿಗಳೆಲ್ಲರೂ ಸಿಕ್ಕಿದರು, ಪತ್ತೆಯ ಪ್ರಮಾಣ 1 ಎಂದು ವರದಿ ಹೊರಡುತ್ತಿತ್ತು. 40 ಅಂಕದ ಆ ಐದನೆಯವರು ತಮ್ಮ ಪಾಡಿಗೆ ತಾವು ಮನೆಯಲ್ಲಿ ರೋಗವನ್ನು ಹೊತ್ತುಕೊಂಡೇ ಇರುತ್ತಿದ್ದರು. ತಪ್ಪಿಸಿಕೊಂಡವರನ್ನು ಹುಡುಕದೆ ಇದ್ದಾಗ ಯಾರೂ ತಪ್ಪಿಸಿಕೊಂಡಂತೆ ಕಾಣುವುದಿಲ್ಲ. ಯಾವುದೇ ಮಾದರಿಯ ಪತ್ತೆಯ ಪ್ರಮಾಣ ಅತಿ ಸೊಗಸಾಗಿ ಕಂಡಾಗ, ಕಡಿಮೆ ಅಂಕದವರನ್ನೂ ಪರೀಕ್ಷಿಸಿದ್ದರೇ ಎಂದು ಮೊದಲು ವಿಚಾರಿಸಬೇಕು.

ಮೂರನೆಯದು, ಒಂದು ಕಡೆಯ ಜನರಿಂದ ಪಡೆದ ರೇಖೆ ಇನ್ನೊಂದು ಕಡೆ ಹಾಗೆಯೇ ನಿಲ್ಲುತ್ತದೆಂಬ ಭರವಸೆಯಿಲ್ಲ. ಅಪಾಯಾಂಕವು ಹುಟ್ಟಿದ್ದು ಚೆನ್ನೈನಂತಹ ಮಹಾನಗರದಲ್ಲಿ. ಅಲ್ಲಿ ಕುಳಿತು ಕೆಲಸ ಮಾಡುವವರೂ ಇದ್ದಾರೆ, ಮೈಮುರಿದು ದುಡಿಯುವವರೂ ಇದ್ದಾರೆ. ಆದ್ದರಿಂದ ಶ್ರಮದ ಪ್ರಶ್ನೆ ಅವರನ್ನು ಬೇರ್ಪಡಿಸಬಲ್ಲದು. ಎಲ್ಲರೂ ಹೊಲದಲ್ಲಿ ದುಡಿಯುವ ಹಳ್ಳಿಯಲ್ಲಿ ಆ ಪ್ರಶ್ನೆಗೆ ಎಲ್ಲರ ಉತ್ತರವೂ ಒಂದೇ; ನಾಲ್ಕು ಸಂಗತಿಗಳಲ್ಲಿ ಒಂದು ಅಲ್ಲಿ ಸುಮ್ಮನೆ ಕುಳಿತಿರುತ್ತದೆ, ವಿಸ್ತೀರ್ಣವೂ ಅದಕ್ಕೆ ತಕ್ಕಂತೆ ಕುಗ್ಗಬಹುದು. ಬದನಗುಪ್ಪೆಯಂತಹ ಕಡೆಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಅಲ್ಲಿ ಹೊಲಗಳ ಮಗ್ಗುಲಲ್ಲಿಯೇ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ತಲೆಯೆತ್ತಿದೆ. ಹೊಲ ಬಿಟ್ಟು ಕಾರ್ಖಾನೆ ಸೇರಿದವರ ದುಡಿಮೆಯ ರೀತಿ ಬದಲಾದರೆ ಅವರ ಅಂಕವೂ ಬದಲಾಗುತ್ತದೆ. ಆದುದರಿಂದ ಬೇರೆಡೆಯ ಮಾದರಿಯನ್ನು ಬಳಸುವ ಮುನ್ನ ಸ್ಥಳೀಯರಲ್ಲಿ ಕೆಲವರನ್ನು ಪೂರ್ತಿಯಾಗಿ ಪರೀಕ್ಷಿಸಿ, ಹೊಸ ರೇಖೆಯೊಂದನ್ನು ಎಳೆದು, ಹಳೆಯದಕ್ಕೆ ಹೋಲಿಸುವುದು ಕ್ರಮ. ಆ ಪರೀಕ್ಷೆಗೆ ಒಳಪಟ್ಟವರ ಸಂಖ್ಯೆಯೂ ಸಾಕಷ್ಟಿರಬೇಕು. ಐವರೇ ರೋಗಿಗಳಿರುವ ನಮ್ಮ ಲೆಕ್ಕದಲ್ಲಿ 40 ಅಂಕದವರಿಗೆ 20 ಬಂದಿದ್ದರೆ ಆಕೆಯೊಬ್ಬರಿಂದಲೇ ಗೆಲವು ಐದೂವರೆಯಿಂದ ಎರಡಕ್ಕೆ ಇಳಿದು, ವಿಸ್ತೀರ್ಣ 0.85ರಿಂದ 0.78ಕ್ಕೆ ಬೀಳುತ್ತಿತ್ತು. ಒಬ್ಬರಿಂದ ಇಷ್ಟು ಅಲುಗುವ ಸಂಖ್ಯೆಯ ಮೇಲೆ ಊರಿನ ಆರೋಗ್ಯವನ್ನು ನಿಲ್ಲಿಸಲಾಗದು.

ಇಂತಹ ಲೆಕ್ಕಗಳು ಇಂದು ಪುಸ್ತಕಗಳಲ್ಲಷ್ಟೇ ಉಳಿದಿಲ್ಲ. ಸರ್ಕಾರದ ಆರೋಗ್ಯ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು 30 ವರ್ಷ ಮೇಲ್ಪಟ್ಟವರಿಗಾಗಿ ತುಂಬುವ ಪ್ರಶ್ನಾವಳಿಯೊಂದಿದೆ. ವಯಸ್ಸು, ತಂಬಾಕು, ಮದ್ಯಪಾನ, ಸೊಂಟದ ಸುತ್ತಳತೆ, ದೇಹಶ್ರಮ, ಮನೆತನದ ರೋಗಗಳನ್ನು ಕೇಳಿ ಅಂಕ ಹಾಕುತ್ತಾರೆ. ಅಂಕ 4ನ್ನು ಮೀರಿದವರನ್ನು ತಪಾಸಣೆಗೆ ಮೊದಲು ಕಳುಹಿಸುತ್ತಾರೆ. ಅಂತಹ ಹಾಳೆ ನಿಮ್ಮ ಮನೆಗೂ ಬರಬಹುದು. ಅಜ್ಜಿಗೆ 5 ಅಂಕ ಬಂದರೆ ಅವರಿಗೆ ರೋಗವಿದೆ ಎಂದಲ್ಲ, ಪರೀಕ್ಷಿಸಿ ನೋಡಬೇಕು ಎಂದು ಮಾತ್ರ ಅರ್ಥ. ಚಿಕ್ಕಪ್ಪನಿಗೆ 3 ಬಂದರೆ ರೋಗವಿಲ್ಲವೆಂದೂ ಅಲ್ಲ. ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ಮೈ ಇಳಿಯುವುದು ಕಂಡುಬಂದರೆ ಅಂಕವನ್ನು ಬದಿಗಿಟ್ಟು ಪರೀಕ್ಷೆಗೆ ಹೋಗಲೇಬೇಕು.

ಮುಂದೆ ಯಾರಾದರೂ ತಮ್ಮ ಮಾದರಿಯ ವಿಸ್ತೀರ್ಣ 0.9 ಇದೆ, 0.95 ಇದೆ ಎಂದು ಹೇಳಿದಾಗ ನೀವು ಕೇಳಬೇಕಾದುದು ಇಷ್ಟು. ಯಾವ ಊರಿನ ಎಷ್ಟು ಜನರ ಮೇಲೆ ಅದನ್ನು ಅಳೆದರು? ಅಂಕ ಕಡಿಮೆ ಬಂದವರನ್ನೂ ಪರೀಕ್ಷಿಸಿದರೇ? ಗಡಿಯನ್ನು ಎಲ್ಲಿಟ್ಟರು, ಆ ಗಡಿಯಲ್ಲಿ ಕರೆ ಬಂದ ನೂರು ಮಂದಿಯಲ್ಲಿ ನಿಜವಾದವರು ಎಷ್ಟು, ಮನೆಯಲ್ಲಿಯೇ ಉಳಿದುಹೋದ ರೋಗಿಗಳು ಎಷ್ಟು? ಈ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಆ ಸಂಖ್ಯೆಯನ್ನು ನಂಬಿ ಗೆರೆ ಎಳೆಯಬಹುದು.